ನೂಲಿನ ಕೋನು, ಬನಿಯನ್ ಚೂರು, ಮೂರು ಊರಿಗೆ ಒಂದು ಪೆಟ್ಟಿಗೆ

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಮನೇಲಿ ಕನ್ನಡ ಆಡೋ ದೇವಾಂಗರ, ಒಕ್ಕಲಿಗರ ಮಕ್ಕಳು ಸ್ಕೂಲಲ್ಲಿ ಓದೋದು ಬರೆಯೋದು ತಮಿಳಿನಲ್ಲಿ. ಸಂಜೆ ಯಾರದೋ ಜಗಲಿ ಮೇಲೆ ಒಂದು ಗಂಟೆ ಕನ್ನಡ ಹೇಳಿಕೊಡೋ ಕೇಂದ್ರಕ್ಕೆ ದಾನ ಅಂತ ಬರೋದು ಏನು? ಚಕ್ರ ಕಿತ್ತ ಕಾರು, ಅರ್ಧ ಹರಿದ ಪಠ್ಯಪುಸ್ತಕ. ಕೊಟ್ಟಿದ್ದನ್ನೆಲ್ಲ ತುಂಬಿಸಿದರೆ ಅದು ಚಟುವಟಿಕೆ ಪೆಟ್ಟಿಗೆ ಆಗಲ್ಲ, ಗುಜರಿ ಅಂಗಡಿ ಆಗುತ್ತೆ. ಮಗುವಿಗೆ ಕಷ್ಟ ಎಲ್ಲಿದೆ ಅಂತ ಮೊದಲು ನೋಡಿ, ಅದಕ್ಕೆ ಬೇಕಾದ್ದನ್ನು ಮಾತ್ರ ಕೇಳಿ ತರಬೇಕು ಅನ್ನೋದು ನಮ್ಮ ವಾದ.

ಕಷ್ಟ ಇರೋದು ಇಲ್ಲಿ. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಟ–ಡ, ತ–ದ, ಪ–ಬ ಕೂಡ ಹಾಗೇ. ನಮ್ಮ ಮಕ್ಕಳು ಬಾಯಲ್ಲಿ ‘ಗಾಳಿ’ ಅಂತ ಸರಿಯಾಗೇ ಹೇಳ್ತಾರೆ, ಬರೆಯುವಾಗ ‘ಕಾಳಿ’ ಆಗುತ್ತೆ. ಕಿವಿಗೆ ಗೊತ್ತಿರೋ ವ್ಯತ್ಯಾಸ ಕೈಗೆ ಬಂದಿಲ್ಲ, ಅಷ್ಟೇ. ಹಾಗಾಗಿ ಪೆಟ್ಟಿಗೆ ಈ ಎಂಟು ಅಕ್ಷರಗಳಿಂದ ಶುರುವಾಗಲಿ. ಖ, ಘ ಎಲ್ಲಾ ಆಮೇಲೆ ನೋಡಿಕೊಳ್ಳೋಣ.

ಇದಕ್ಕೆ ಬೇಕಾದ ಸಾಮಾನು ತಿರುಪ್ಪೂರಿನಲ್ಲಿ ಬೀದಿಬೀದಿಗೂ ಸಿಗುತ್ತೆ. ನಿಟ್ಟಿಂಗ್ ಯೂನಿಟ್‌ಗೆ ನೂಲು ಬರೋ ರಟ್ಟಿನ ಕೋನ್ ನೋಡಿದ್ದೀರಲ್ಲ, ಬುಡ ಅಗಲ, ತುದಿ ಸಣ್ಣ. ಒಂದೇ ಅಳತೆಯ ಎರಡು ಕೋನ್ ತಗೊಂಡು ಒಂದರ ಮೇಲೊಂದು ಕೂರಿಸಿ. ಮೇಲಿನದು ಪೂರ್ತಿ ಇಳಿಯಲ್ಲ, ಒಳಗಿನದರ ಬುಡ ಬೆರಳಗಲ ಹೊರಗೆ ಕಾಣ್ತಾ ಇರುತ್ತೆ. ಆ ಪಟ್ಟಿಯ ಸುತ್ತ ಅ, ಆ, ಇ, ಈ ಅಂತ ಸ್ವರಗಳನ್ನು ಬರೀರಿ. ಮೇಲಿನ ಕೋನ್‌ನ ಅಂಚಿನ ಸುತ್ತ ನಮ್ಮ ಎಂಟು ವ್ಯಂಜನ. ಮೇಲಿನದನ್ನು ತಿರುಗಿಸಿದರೆ ‘ಗ’ ಬಂದು ‘ಇ’ ಮೇಲೆ ನಿಲ್ಲುತ್ತೆ. ಮಗು ‘ಗಿ’ ಅಂತ ಹೇಳಿ ಸ್ಲೇಟಿನ ಮೇಲೆ ಬರೀಬೇಕು. ಕೋನ್ ಮೇಲೆ ಗುಣಿತದ ಚಿಹ್ನೆ ಬರೆದು ಜೋಡಿಸೋಕೆ ಹೋಗ್ಬೇಡಿ, ಕೂಡಲ್ಲ: ‘ಗಿ’ ಆಗುವಾಗ ‘ಗ’ದ ತಲಕಟ್ಟೇ ಮಾಯ ಆಗುತ್ತಲ್ಲ! ಕೋನ್ ಪ್ರಶ್ನೆ ಕೇಳಲಿ, ಉತ್ತರ ಸ್ಲೇಟಿನಲ್ಲಿ ಬರಲಿ.

ಅರವಿಂದ ಗುಪ್ತಾ ಅವರು 1978ರಲ್ಲಿ ಹೋಶಂಗಾಬಾದಿನ ವಿಜ್ಞಾನ ಕಲಿಕೆ ಕಾರ್ಯಕ್ರಮದ ಸಂಗ ಹಿಡಿದು, ಬೆಂಕಿಕಡ್ಡಿಗೆ ಸೈಕಲ್ ವಾಲ್ವ್ ಟ್ಯೂಬ್ ಸಿಕ್ಕಿಸಿ ತ್ರಿಕೋನ, ಚೌಕ ಮಾಡೋದು ತೋರಿಸಿದರು. ತ್ರಿಕೋನ ಅಲುಗಾಡಲ್ಲ, ಚೌಕ ವಾಲುತ್ತೆ ಅನ್ನೋದು ಮಗುವಿಗೆ ಕೈಯಲ್ಲೇ ತಿಳಿಯುತ್ತೆ. ಲೆಕ್ಕಕ್ಕೆ ಅದನ್ನು ಇಡಿ. ಕನ್ನಡ ಅಕ್ಷರಕ್ಕೆ ಮಾತ್ರ ಕಡ್ಡಿ ಒಗ್ಗಲ್ಲ, ನಮ್ಮದೆಲ್ಲ ದುಂಡು. ಕೋನ್‌ನಲ್ಲಿ ಉಳಿದ ನೂಲು ಇದೆಯಲ್ಲ, ರಟ್ಟಿನ ಮೇಲೆ ಅಂಟಿನಲ್ಲಿ ಅಕ್ಷರ ಬರೆದು ಅದರ ಮೇಲೆ ನೂಲು ಕೂರಿಸಿ ಒಂದು ರಾತ್ರಿ ಒಣಗಲು ಬಿಡಿ. ಮಗು ಕಣ್ಣು ಮುಚ್ಚಿ ಬೆರಳಾಡಿಸಿ ಕ ಯಾವುದು, ಗ ಯಾವುದು ಅಂತ ಹೇಳುತ್ತೆ. ಜೊತೆಗೆ ಹಳೇ ಮದುವೆ ಪತ್ರಿಕೆಗಳ ಹಿಂಬದಿಯಲ್ಲಿ ಜೋಡಿ ಪದ ಬರೆದಿಡಿ: ಕರಿ–ಗರಿ, ಪಟ್ಟೆ–ಬಟ್ಟೆ, ತನ–ದನ. ಒಬ್ಬರು ಓದಬೇಕು, ಇನ್ನೊಬ್ಬರು ಸರಿಯಾದ ಕಾರ್ಡ್ ಎತ್ತಬೇಕು.

ಬನಿಯನ್ ಕಟಿಂಗ್ ಚೂರು ಸ್ಲೇಟ್ ಒರೆಸೋಕೆ, ಕಾರ್ಡ್ ಹಾಕೋ ಚೀಲ ಹೊಲಿಯೋಕೆ ಸೊಗಸು. ಆದರೆ ಹೊಲಿಗೆ ಯೂನಿಟ್‌ನ ಚೂರಿನಲ್ಲಿ ಮುರಿದ ಸೂಜಿ ಇರಬಹುದು, ಕಣ್ಣಿಗೆ ಕಾಣಲ್ಲ. ಹಳೇ ಸ್ಪೀಕರ್ ಒಡೆದು ಅಯಸ್ಕಾಂತ ತೆಗೆದು, ಬಟ್ಟೆಯನ್ನು ತೆಳ್ಳಗೆ ಹರಡಿ ಎರಡೂ ಕಡೆ ಅದನ್ನು ಹತ್ತಿರದಿಂದ ಆಡಿಸಿ. ಆಮೇಲೆ ಕೈಯಿಂದಲೂ ಮೆಲ್ಲಗೆ ತಡವಿ ನೋಡಿ. ಒಗೆದಾಗ ನೀರು ಬಣ್ಣ ಬಿಡ್ತಾನೇ ಇದ್ರೆ ಆ ಚೂರು ಬೇಡ. ಡೈಯಿಂಗ್‌ನ ಡಬ್ಬ ಎಷ್ಟೇ ಗಟ್ಟಿಯಾಗಿರಲಿ, ಎಷ್ಟೇ ತೊಳೆದಿರಲಿ, ತಗೋಬೇಡಿ. ಬಟನ್ ಸೆಲ್ ಇರೋ ಆಟಿಕೆಯನ್ನು ಅಲ್ಲೇ ವಾಪಸ್ ಕೊಡಿ; ಮಗು ನುಂಗಿದರೆ ಕೆಲವೇ ಗಂಟೆಯಲ್ಲಿ ಅನ್ನನಾಳ ಸುಡುತ್ತೆ. ತಮ್ಮ ತಂಗಿಯರನ್ನು ಕಂಕುಳಲ್ಲಿ ಎತ್ತಿಕೊಂಡು ಬರೋ ಮಕ್ಕಳಿರೋ ಕಡೆ ಬಾಟಲಿ ಮುಚ್ಚಳವೂ ಬೇಡ.

ಮೂರು ಕೇಂದ್ರಕ್ಕೆ ಒಂದೇ ಪೆಟ್ಟಿಗೆ ಸಾಕು, ವಾರಕ್ಕೊಂದು ಊರು. ಹಂಚಿಕೊಳ್ಳೋ ಪೆಟ್ಟಿಗೆ ಹಾಳಾಗೋದು ಒಡೆದುಹೋಗಿ ಅಲ್ಲ, ಒಂದೊಂದೇ ಕಾರ್ಡ್ ಕಳೆದುಹೋಗಿ. ‘ಗರಿ’ ಹೋದ್ರೆ ‘ಕರಿ’ಗೆ ಕೆಲಸವಿಲ್ಲ. ಅದಕ್ಕೆ ಮುಚ್ಚಳದ ಒಳಗೆ ಪ್ರತಿ ಚೀಲದ ಚಿತ್ರ, ಪಕ್ಕದಲ್ಲಿ ಎಷ್ಟು ಕಾರ್ಡ್ ಅಂತ ಅಂಕಿ ಬರೆದು ಅಂಟಿಸಿ. ಮುಚ್ಚೋ ಮೊದಲು ಮಕ್ಕಳೇ ಎಣಿಸಲಿ, ಕನ್ನಡದಲ್ಲೇ. ಐಪ್ಪಸಿ ಮಳೆಗೆ ರಟ್ಟಿನ ಕೋನ್ ಮೆತ್ತಗಾಗಿ ತಿರುಗೋದು ನಿಲ್ಲುತ್ತೆ. ಆಗ ಒಣಗಿಸೋಕೆ ಒದ್ದಾಡ್ಬೇಡಿ, ಎರಡು ಹೊಸ ಕೋನ್ ಕೇಳಿ ತಂದು ಮತ್ತೆ ಬರೀರಿ. ದೊಡ್ಡ ಮಕ್ಕಳ ಕೈಲಿ ಬರೆಸಿದರೆ ಇನ್ನೂ ಒಳ್ಳೇದು.