ನೋಡಿದ ಕೂಡಲೇ ಹೊಳೆಯದಿದ್ದರೆ ತಲೆ ಇಲ್ಲ ಅಂತ ಹೇಳಿದ್ಯಾರು?

ಮೊನ್ನೆ ಕದ್ರಿಯಲ್ಲಿ ಚಾ ಕುಡಿಯುವಾಗ ನಮ್ಮ ಆಫೀಸಿನ ಹೊಸ ಹುಡುಗ, "ಕೋಡಿಂಗ್ ಸೈಟುಗಳನ್ನೆಲ್ಲ ಬಿಟ್ಟೆ ಮಾರಾಯ್ರೇ, ನನಗೆ ಅಷ್ಟು ತಲೆ ಇಲ್ಲ" ಅಂದ. ಯಾರು ಹೇಳಿದ್ದು ಅಂತ ಕೇಳಿದರೆ ಸೀನಿಯರ್ ಒಬ್ಬರ ಉಪದೇಶ ಒಪ್ಪಿಸಿದ: ಹದಿನೈದು ನಿಮಿಷದಲ್ಲಿ ಹೊಳೆಯಬೇಕು, ಇಲ್ಲದಿದ್ದರೆ ಉತ್ತರ ನೋಡಿ ಮುಂದೆ ಹೋಗು, ದಿನಕ್ಕೆ ಐದು ಮುಗಿಸು! ಈ ಉಪದೇಶದ ಮೇಲೆ ನನಗೆ ಹಳೇ ಸಿಟ್ಟಿದೆ. ಇವತ್ತು ಬರೆದೇ ಬಿಡುತ್ತೇನೆ.

ಮೊದಲು "ಕಷ್ಟ" ಅಂದರೆ ಎಷ್ಟು ಅಂತ ನೋಡಿ. ಕೋಡ್‌ಫೋರ್ಸಸ್‌ನಲ್ಲಿ ಪ್ರತಿ ಲೆಕ್ಕಕ್ಕೂ ಒಂದು ರೇಟಿಂಗ್ ಇದೆ. ಅದೇ ರೇಟಿಂಗ್ ಇರುವವನು ಸ್ಪರ್ಧೆಯ ಹೊತ್ತಿನಲ್ಲಿ ಅದನ್ನು ಬಿಡಿಸುವ ಸಾಧ್ಯತೆ ಅರ್ಧಕ್ಕರ್ಧ ಅಂತ ಅದರರ್ಥ. ನಮ್ಮ ಹುಡುಗನ ರೇಟಿಂಗ್ 1200, ಅವನು ಕೂತದ್ದು 1900ರ ಲೆಕ್ಕದ ಮುಂದೆ. ಆ ಸೂತ್ರದ ಪ್ರಕಾರ ಅವನಿಗಿದ್ದ ಸಾಧ್ಯತೆ ನೂರಕ್ಕೆ ಎರಡಕ್ಕಿಂತ ಕಡಿಮೆ. ಅವನು ಸೋತದ್ದು ಲೆಕ್ಕಾಚಾರದಂತೆಯೇ ನಡೆದ ಸಂಗತಿ. ಅದಕ್ಕೂ ಅವನ ತಲೆಗೂ ಏನು ಸಂಬಂಧ?

ಇನ್ನು ನನ್ನ ಕಥೆ ಕೇಳಿ. ಫಿನ್ಲೆಂಡಿನ ಸಿಎಸ್ಇಎಸ್ ಸೈಟಿನಲ್ಲಿ `Subarray Sums II` ಅಂತ ಒಂದಿದೆ. 2 ಲಕ್ಷದವರೆಗೆ ಸಂಖ್ಯೆಗಳು, ಋಣ ಸಂಖ್ಯೆಗಳೂ ಇರಬಹುದು. ಪಕ್ಕಪಕ್ಕದ ಎಷ್ಟು ತುಂಡುಗಳ ಮೊತ್ತ ಸರಿಯಾಗಿ x ಆಗುತ್ತದೆ ಅಂತ ಎಣಿಸಬೇಕು. ಎಲ್ಲ ತುಂಡುಗಳನ್ನೂ ನೋಡೋಣ ಅಂದರೆ ಸುಮಾರು 2000 ಕೋಟಿ ಆಗುತ್ತವೆ. ಧಾರಾಳವಾಗಿ ಸೆಕೆಂಡಿಗೆ 100 ಕೋಟಿ ಅಂದರೂ 20 ಸೆಕೆಂಡು ಬೇಕು, ಸಿಗುವುದು 1 ಸೆಕೆಂಡು. ಇದರ ಹಿಂದಿನ ಲೆಕ್ಕದಲ್ಲಿ ಧನ ಸಂಖ್ಯೆಗಳು ಮಾತ್ರ ಇದ್ದವು. ಅಲ್ಲಿ ಮೊತ್ತ ಹೆಚ್ಚಾದರೆ ಎಡಗಡೆಯದನ್ನು ಬಿಡುತ್ತಾ ಹೋದರೆ ಸಾಕಿತ್ತು. ಅದೇ ಉಪಾಯ ಇಲ್ಲಿ ಹಾಕಿದೆ, ತಪ್ಪು ಅಂತ ಬಂತು. ಎರಡು ರಾತ್ರಿ ಹಾಗೇ ಹೋಯಿತು.

ಮೂರನೇ ರಾತ್ರಿ ಕಂಪ್ಯೂಟರ್ ಮುಚ್ಚಿ ಕಾಗದದಲ್ಲಿ 5, -1, 4 ಅಂತ ಬರೆದೆ, x = 4. ಕೈಯಲ್ಲೇ ಎಣಿಸಿದರೆ ಉತ್ತರ 2: (5, -1) ಒಂದು, (4) ಇನ್ನೊಂದು. ನನ್ನ ಪ್ರೋಗ್ರಾಂ ಹೇಳಿದ್ದು 0! 5 ಹೆಚ್ಚಾಯಿತು ಅಂತ ಅದನ್ನು ಬಿಟ್ಟುಬಿಟ್ಟಿತ್ತು. ಮುಂದೆ ಬರುವ -1 ಮೊತ್ತವನ್ನು ಇಳಿಸುತ್ತದೆ ಅಂತ ಅದಕ್ಕೇನು ಗೊತ್ತು? ಎಲ್ಲಿ ಸಿಕ್ಕಿಬಿದ್ದಿದ್ದೇನೆ ಅಂತ ನನಗೆ ಗೊತ್ತಾದದ್ದೇ ಆಗ.

ಆಮೇಲೆ ನೆನಪಾದದ್ದು ಬ್ಯಾಂಕಿನ ಪಾಸ್‌ಬುಕ್. ಕೆನರಾ, ಕರ್ನಾಟಕ ಬ್ಯಾಂಕುಗಳು ಹುಟ್ಟಿದ ಊರಿನವನಿಗೆ ಇದು ಮೊದಲೇ ಹೊಳೆಯಬೇಕಿತ್ತು :) ಜಮೆ 5, ತೆಗೆದದ್ದು 1, ಜಮೆ 4 ಅಂದರೆ ಬಾಕಿ ಕಾಲಂನಲ್ಲಿ 0, 5, 4, 8. ಯಾವುದೇ ಎರಡು ಬಾಕಿಗಳ ವ್ಯತ್ಯಾಸವೇ ನಡುವಿನ ತುಂಡಿನ ಮೊತ್ತ. ಹಾಗಾದರೆ ಪ್ರತಿ ಸಾಲಿನಲ್ಲಿ ಕೇಳಬೇಕಾದ್ದು ಒಂದೇ ಪ್ರಶ್ನೆ: ಇವತ್ತಿನ ಬಾಕಿಗಿಂತ x ಕಡಿಮೆ ಇದ್ದ ಬಾಕಿ ಹಿಂದೆ ಎಷ್ಟು ಸಲ ಬಂದಿತ್ತು?

```
map<long long,long long> c;
c[0] = 1;
long long p = 0, ans = 0, a;
for (int i = 0; i < n; i++) {
    cin >> a;
    p += a;
    ans += c[p - x];
    c[p]++;
}
```

ಇದರಲ್ಲೂ ಎಡವಿದೆ. `c[0] = 1` ಬರೆಯದೆ ಕಳಿಸಿದ್ದೆ, ಅಂದರೆ ಪಾಸ್‌ಬುಕ್ಕಿನ ಮೊದಲ ಸೊನ್ನೆ ಸಾಲನ್ನೇ ಮರೆತಿದ್ದೆ. ಅದೇ 5, -1, 4 ಹಾಕಿ ನೋಡಿದರೆ 2ರ ಬದಲು 1 ಬಂತು, ಮೊದಲಿನಿಂದ ಶುರುವಾಗುವ ತುಂಡು ತಪ್ಪಿಹೋಗಿತ್ತು. ತಪ್ಪು ಹಿಡಿಯಲಿಕ್ಕೆ ಮೂರು ಸಂಖ್ಯೆಗಳೇ ಸಾಕಾದವು.

ಈಗ ಹೇಳಿ, ಹದಿನೈದನೇ ನಿಮಿಷಕ್ಕೆ ಉತ್ತರ ನೋಡಿದ್ದರೆ ನನಗೆ ಸಿಗುತ್ತಿದ್ದದ್ದೇನು? ಒಂಬತ್ತು ಸಾಲು ಕೋಡ್. ಹಳೇ ಉಪಾಯ ಯಾಕೆ ಮುರಿಯಿತು ಅನ್ನುವುದು ಸಿಗುತ್ತಿರಲಿಲ್ಲ.

ಹಾಗಂತ ಉತ್ತರ ನೋಡಲೇಬಾರದು ಅನ್ನುವ ಹಟವನ್ನೂ ನಾನು ಒಪ್ಪುವುದಿಲ್ಲ, ಅದರಲ್ಲಿ ವಾರಗಳೇ ಕಳೆದುಹೋಗುತ್ತವೆ. ನನ್ನ ಪ್ರಕಾರ ಗಡಿಯಾರ ನೋಡುವುದನ್ನು ಬಿಟ್ಟು ಕಾಗದ ನೋಡಬೇಕು. ನಿಧಾನವಾದರೂ ಸರಿಯಾದ ಒಂದು ದಾರಿ, ಅದು ಎಷ್ಟು ಕೆಲಸ ಮಾಡುತ್ತದೆ ಅನ್ನುವ ಅಂದಾಜು, ನಮ್ಮ ಉಪಾಯ ಮುರಿಯುವ ಒಂದು ಸಣ್ಣ ಉದಾಹರಣೆ. ಈ ಮೂರೂ ಕಾಗದದಲ್ಲಿದ್ದು ಮುಂದೆ ದಾರಿ ಕಾಣದಿದ್ದರೆ ವಿವರಣೆಯ ಮೊದಲ ಎರಡು ಸಾಲು ಓದಿ ಮುಚ್ಚಿಬಿಡಿ, ಕೋಡ್ ನೀವೇ ಬರೆಯಿರಿ. ಒಂದು ವಾರ ಬಿಟ್ಟು ಖಾಲಿ ಪುಟದಿಂದ ಮತ್ತೆ ಬರೆದು ನೋಡಿ. ಬರಲಿಲ್ಲ ಅಂದರೆ ಆ ಲೆಕ್ಕ ಇನ್ನೂ ನಿಮ್ಮದಾಗಿಲ್ಲ ಅಂತ ತಿಳಿಯಿರಿ. ಮೂರರಲ್ಲಿ ಒಂದನ್ನೂ ಬರೆಯಲಿಕ್ಕಾಗಲಿಲ್ಲವೋ, ರೇಟಿಂಗಿನಲ್ಲಿ ಇನ್ನೂರು ಮುನ್ನೂರು ಕೆಳಗಿನದಕ್ಕೆ ಬನ್ನಿ, ಅದರಲ್ಲಿ ಅವಮಾನ ಏನೂ ಇಲ್ಲ.

ಹುಡುಗನಿಗೆ 5, -1, 4 ಬರೆದ ಕಾಗದ ಕೊಟ್ಟು ಬಂದಿದ್ದೇನೆ. ಉತ್ತರ ಹೇಳಿಲ್ಲ. ದಿನಕ್ಕೆ ಐದು ಮುಗಿಸುವ ಪೈಕಿಯವರು ಯಾರಾದರೂ ಇಲ್ಲಿದ್ದರೆ ಬನ್ನಿ, ಕಾಮೆಂಟಿನಲ್ಲಿ ಜಗಳ ಆಡೋಣ. ಆದರೆ ಮೊದಲು ಹೋದ ತಿಂಗಳು ನೋಡಿ ಬರೆದದ್ದರಲ್ಲಿ ಒಂದನ್ನು ಈಗ ನೋಡದೆ ಬರೆದು ಬನ್ನಿ, ಆಯ್ತಾ?