ಹತ್ತರ ಪ್ಯಾಕೇಜು, ಏಳರ ಲೆಕ್ಕ
ಮಂಡಿ ಬದಲಿ ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಬಂದವರಿಗೆ ಫಿಸಿಯೋಥೆರಪಿ ತಪ್ಪಿದ್ದಲ್ಲ. ದುಡ್ಡಿನ ಲೆಕ್ಕ ಮಾತ್ರ ಮೊದಲೇ ಹಾಕಿಕೊಳ್ಳಬೇಕು. ಕ್ಲಿನಿಕ್ಕಿನಲ್ಲಿ ಒಂದು ಸಲಕ್ಕೆ 500 ರೂಪಾಯಿ, ಹತ್ತು ಸಲದ ಪ್ಯಾಕೇಜಿಗೆ 4,000, ಫಿಸಿಯೋಥೆರಪಿಸ್ಟ್ ಮನೆಗೆ ಬಂದರೆ ಸಲಕ್ಕೆ 800 ಅಂತಿಟ್ಟುಕೊಳ್ಳಿ. ಪ್ಯಾಕೇಜಿನಲ್ಲಿ ಸಾವಿರ ಉಳಿಯುವುದು ಹತ್ತೂ ಸಲ ಹೋದರೆ ಮಾತ್ರ. ಏಳಕ್ಕೇ ನಿಲ್ಲಿಸಿದರೆ ಬಿಡಿಯಾಗಿ 3,500 ಸಾಕಿತ್ತು, 500 ಕೈಬಿಟ್ಟಂತೆ. ಹಾಗಾಗಿ ಮೊದಲೆರಡು ಸಲ ಬಿಡಿಯಾಗಿಯೇ ಕೊಡಿ. ಮಂಡಿ ಎಷ್ಟು ಡಿಗ್ರಿ ಮಡಚುತ್ತಿದೆ ಎಂದು ಅಳೆದು ಬರೆದಿಡುತ್ತಾರೋ, ಇಲ್ಲ ಯಂತ್ರ ಹಚ್ಚಿ ಮಲಗಿಸಿ ಹೋಗುತ್ತಾರೋ ನೋಡಿ. ಬರೀ ಯಂತ್ರವಾದರೆ ಅಗ್ಗದ ಪ್ಯಾಕೇಜೂ ದುಬಾರಿಯೇ. ಉಳಿದ ಸಲದ ಹಣ ವಾಪಸು ಕೊಡುತ್ತಾರೆಯೇ, ಎಷ್ಟು ದಿನದೊಳಗೆ ಮುಗಿಸಬೇಕು ಎಂಬುದನ್ನು ರಸೀದಿಯಲ್ಲೇ ಬರೆಸಿಕೊಳ್ಳಿ. ಮನೆಗೆ ಕರೆಸುವುದು ದುಬಾರಿ ಅನ್ನಿಸುತ್ತದೆ, ಆದರೆ ಹೋಗಿಬರುವ ಆಟೋಗೆ 300 ಆದರೆ ಎರಡೂ ಒಂದೇ. ವಾಕರ್ ಹಿಡಿದು ಮೆಟ್ಟಿಲಿಳಿಯಲು ರೋಗಿ ಪಡುವ ನೋವು, ಜೊತೆಗೆ ಹೋಗುವವರ ರಜೆ ಈ ಲೆಕ್ಕಕ್ಕೆ ಸೇರಿಲ್ಲ. ಮೊದಲ ಎರಡು ವಾರ ಮನೆಗೇ ಕರೆಸಿ, ಅವರದೇ ಮಂಚ, ಅವರದೇ ಮೆಟ್ಟಿಲಿನಲ್ಲಿ ಅಭ್ಯಾಸ ಮಾಡಿಸಿ. ಆಮೇಲೆ ಸೈಕಲ್, ತೂಕದ ವ್ಯಾಯಾಮಕ್ಕೆ ಕ್ಲಿನಿಕ್ಕಿಗೆ ಹೋಗಲಿ. ಪ್ಯಾಕೇಜಿನ ಮಾತು ಆಗ ತೆಗೆಯಿರಿ.