ತೊಂಬತ್ತರ ರೇಖೆಯ ಪರೀಕ್ಷೆ

ಜತ್ತ ತಾಲೂಕಿನ ವಳಸಂಗದಂಥ ಬರದ ಸೀಮೆಯ ಊರಲ್ಲಿ ಕೃಷಿ ಫೀಡರಿನ ಹೊರೆ ಎಂದರೆ ಬಹುಮಟ್ಟಿಗೆ ಬಾವಿ, ಬೋರ್‌ವೆಲ್‌ಗಳ ಪಂಪ್‌ಸೆಟ್ಟುಗಳ ಹೊರೆ. ಪಾಳಿಯ ಕರೆಂಟು ಬಂದ ಕೂಡಲೆ ಅದು ಏರುತ್ತದೆ, ಹೋದಾಗ ಸೊನ್ನೆಗೆ ಇಳಿಯುತ್ತದೆ, ಒಂದು ಹದ ಮಳೆ ಬಿದ್ದರೆ ಪಾಳಿಯಲ್ಲೂ ಏಳುವುದಿಲ್ಲ. ಇಂಥ ಹೊರೆಗೆ ಒಂದೇ ಅಂಕಿಯ ಮುನ್ಸೂಚನೆ ಸಾಲದು. ‘ಹೊರೆ 3 ಮೆಗಾವ್ಯಾಟ್ ಮೀರದಿರುವ ಸಂಭವ ನೂರಕ್ಕೆ ತೊಂಬತ್ತು’ ಎನ್ನುವಾಗ ಆ 3 ಮೆಗಾವ್ಯಾಟ್ 0.9ರ ಕ್ವಾಂಟೈಲ್, ಅಂದರೆ ತೊಂಬತ್ತರ ರೇಖೆ. ಪ್ರಶ್ನೆಯೆಂದರೆ, ಇದು ಸರಿಯೆಂದು ತಿಳಿಯುವುದು ಹೇಗೆ?

ಮೊದಲ ಅಳತೆ ಪಿನ್‌ಬಾಲ್ ನಷ್ಟ. ನಿಜವಾದ ಹೊರೆ ರೇಖೆಗಿಂತ ಮೇಲಿದ್ದರೆ ಅಂತರವನ್ನು 0.9ರಿಂದ, ಕೆಳಗಿದ್ದರೆ 0.1ರಿಂದ ಗುಣಿಸಬೇಕು. ರೇಖೆ 3 ಇದ್ದು ಹೊರೆ 3.4 ಬಂದರೆ ನಷ್ಟ 0.36, 2.6 ಬಂದರೆ ಬರೀ 0.04. ತಪ್ಪಿನ ಗಾತ್ರ ಒಂದೇ, ದಂಡ ಒಂಬತ್ತು ಪಟ್ಟು. ಸರಾಸರಿ ನಷ್ಟ ಅತಿ ಕಡಿಮೆಯಾಗುವುದು ರೇಖೆ ನಿಜವಾದ ಕ್ವಾಂಟೈಲಿನ ಮೇಲೆ ಕುಳಿತಾಗಲೇ. ಆದ್ದರಿಂದ ಎರಡು ಮಾದರಿಗಳನ್ನು ಹೋಲಿಸಲು ಇದಕ್ಕಿಂತ ನ್ಯಾಯವಾದ ತಕ್ಕಡಿ ಸಿಗುವುದು ಕಷ್ಟ. ಆದರೆ ತಪ್ಪು ಎಲ್ಲಿದೆ ಎಂದು ತಕ್ಕಡಿ ಹೇಳುವುದಿಲ್ಲ.

ಅದಕ್ಕೆ ಎಣಿಕೆ ಬೇಕು: ಹೊರೆ ರೇಖೆಯನ್ನು ಎಷ್ಟು ಸಲ ಮೀರಿತು? ದಿನವನ್ನು 15 ನಿಮಿಷದ 96 ತುಂಡುಗಳಾಗಿ ಕಡಿದರೆ 30 ದಿನಕ್ಕೆ 2,880 ತುಂಡು. ಲೆಕ್ಕಕ್ಕೆಂದು, 288 ಸಲ ಮೀರಿತು ಎಂದುಕೊಳ್ಳಿ. ನೂರಕ್ಕೆ ಸರಿಯಾಗಿ ಹತ್ತು, ಯಾರೂ ಆಕ್ಷೇಪಿಸುವಂತಿಲ್ಲ. ಆದರೆ ಪಾಳಿ ದಿನಕ್ಕೆ 8 ತಾಸು ಇದ್ದರೆ ಕರೆಂಟಿರುವ ತುಂಡುಗಳು 960 ಮಾತ್ರ. ಮೀರಿದ 288 ತುಂಡುಗಳೂ ಅವುಗಳಲ್ಲೇ ಇರಬೇಕು, ಏಕೆಂದರೆ ಕರೆಂಟಿಲ್ಲದಾಗ ಮೀರಲು ಹೊರೆಯೇ ಇಲ್ಲ. ಅಂದರೆ ಪಂಪು ಓಡುವ ಹೊತ್ತಿನಲ್ಲಿ ರೇಖೆ ನೂರಕ್ಕೆ ಮೂವತ್ತು ಸಲ ಸೋತಿದೆ. ಬೇಕಾಗಿದ್ದ ಹೊತ್ತಿನಲ್ಲೇ ಕೈಕೊಟ್ಟ ರೇಖೆಗೆ ಖಾಲಿ ತಾಸುಗಳು ಪೂರ್ಣಾಂಕ ಕೊಡಿಸಿವೆ. ಆ ತಾಸುಗಳಲ್ಲಿ ರೇಖೆಯೂ ಸೊನ್ನೆಯಲ್ಲಿದ್ದರೆ, ಸರಾಸರಿ ನಷ್ಟವನ್ನು ತೆಳುವಾಗಿಸುವುದೂ ಇವೇ ಖಾಲಿ ತಾಸುಗಳು.

ಹಾಗಾಗಿ ನಷ್ಟ, ಎಣಿಕೆ ಎರಡನ್ನೂ ಪಾಳಿಯ ತಾಸುಗಳಿಗೆ ಬೇರೆಯಾಗಿ, ಮಳೆ ಬಿದ್ದ ದಿನಗಳಿಗೆ ಮತ್ತೆ ಬೇರೆಯಾಗಿ ನೋಡಬೇಕು. ಎಣಿಕೆಯೊಂದನ್ನೇ ನಂಬುವುದೂ ಸಲ್ಲ. ಎಲ್ಲ ದಿನಕ್ಕೂ, ಒಣದಿನವಿರಲಿ ಮಳೆದಿನವಿರಲಿ, ಒಂದೇ ಎತ್ತರದ ರೇಖೆ ಎಳೆದರೂ ಪಾಳಿಯ ಎಣಿಕೆ ಹತ್ತಕ್ಕೆ ಹೊಂದಿಬಿಡಬಹುದು. ಆ ಸೋಮಾರಿ ರೇಖೆಯನ್ನು ಹಿಡಿದುಕೊಡುವುದು ಪಿನ್‌ಬಾಲ್ ನಷ್ಟವೇ.

ಇನ್ನೊಂದು ಮೋಸ ತುಂಡುಗಳ ಸಂಖ್ಯೆಯಲ್ಲಿದೆ. ಮಳೆ ಬಂದರೆ ಆ ದಿನದ ಪಾಳಿಯೆಲ್ಲ ಒಟ್ಟಿಗೆ ಕೆಳಗಿಳಿಯುತ್ತದೆ, ಉರಿಬಿಸಿಲಿಗೆ ಒಟ್ಟಿಗೆ ಮೇಲೇರುತ್ತದೆ. 960 ತುಂಡು ಎಂದರೆ 960 ಸಾಕ್ಷಿಗಳಲ್ಲ, ಹೆಚ್ಚುಕಡಿಮೆ 30 ದಿನಗಳ ಸಾಕ್ಷಿ. ಅಷ್ಟರಲ್ಲಿ ನೂರಕ್ಕೆ ಹತ್ತರ ಬದಲು ಹದಿನೈದು ಬಂದರೆ ಅದು ಆಕಸ್ಮಿಕವೂ ಇರಬಹುದು. ಮೂವತ್ತು ಬಂದರೆ ಆ ಮಾತು ನಡೆಯದು. 0.99ರ ರೇಖೆಯನ್ನಂತೂ ಒಂದು ತಿಂಗಳ ದಾಖಲೆಯಿಂದ ಪರೀಕ್ಷಿಸಲು ಬರುವುದೇ ಇಲ್ಲ.